ಹವಾಮಾನ ನಷ್ಟಕ್ಕೆ ಡಿಸ್ಕೌಂಟ್ ದರ ಆರಿಸುವುದು ಹೇಗೆ? ‘ಈಗಲೇ ಮಾಡಬೇಕಾ, ಕಾಯಬಹುದಾ’ ಅನ್ನೋದು ಅದರ ಮೇಲೆ ಯಾಕೆ ನಿಂತಿದೆ?

ನೂರು ವರ್ಷದ ನಂತರ 1000 ಡಾಲರ್ ನಷ್ಟ ಆಗುತ್ತದೆ ಅಂತ ನಿಮಗೆ ಗೊತ್ತಿದೆ ಅಂದುಕೊಳ್ಳಿ. ಅದನ್ನು ತಪ್ಪಿಸೋಕೆ ಇವತ್ತು ಎಷ್ಟು ಖರ್ಚು ಮಾಡಬಹುದು? ವರ್ಷಕ್ಕೆ 1.4% ದರ ಹಿಡಿದರೆ 249 ಡಾಲರ್. 2% ಆದರೆ 138. 3% ಆದರೆ 52. 5.5% ಆದರೆ ಐದು ಡಾಲರಿಗೂ ಕಮ್ಮಿ. 7% ಅಂದರೆ ಒಂದು ಡಾಲರ್ ಚಿಲ್ಲರೆ, ಅಷ್ಟೇ.

ನಷ್ಟ ಬದಲಾಗಿಲ್ಲ, ವರ್ಷ ಬದಲಾಗಿಲ್ಲ, ಬದಲಾಗಿದ್ದು ಆ ಒಂದು ಶೇಕಡಾ ಮಾತ್ರ. ಇದೇ ಡಿಸ್ಕೌಂಟ್ ದರ. ಅಂಗಡಿಯಲ್ಲಿ ಕೊಡುವ ರಿಯಾಯಿತಿ ಅಲ್ಲ, ಮುಂದೆ ಬರುವ ಲಾಭ-ನಷ್ಟವನ್ನು ಇವತ್ತಿನ ಬೆಲೆಗೆ ಇಳಿಸೋಕೆ ಬಳಸುವ ದರ. ಬೇರೆ ಯೋಜನೆಗಳಲ್ಲಿ ಇದು ಹತ್ತು-ಇಪ್ಪತ್ತು ವರ್ಷದ ಮಾತು, ದರದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ತೀರ್ಮಾನ ಅಷ್ಟಾಗಿ ಅಲುಗಾಡುವುದಿಲ್ಲ. ಹವಾಮಾನದ ಲೆಕ್ಕ ಮಾತ್ರ ನೂರಿನ್ನೂರು ವರ್ಷಕ್ಕೆ ಚಾಚಿಕೊಳ್ಳುತ್ತದೆ. ಹಾಗಾಗಿ ಇಲ್ಲಿ ದರ ಆರಿಸುವುದೇ ಅರ್ಧ ತೀರ್ಮಾನ.

ಕೆಳಗಿರುವುದು ನಾನು ಈ ಲೆಕ್ಕ ಮಾಡುವ ಕ್ರಮ. ಒಂದು ಸ್ಪ್ರೆಡ್‌ಶೀಟ್ ಇದ್ದರೆ ಸಾಕು.

ಹೆಜ್ಜೆ 1: ಮೊದಲು ನಷ್ಟದ ಸಾಲು ಬರೆಯಿರಿ, ದರ ಆಮೇಲೆ

ಎಷ್ಟೋ ಜನ ದರದಿಂದಲೇ ಶುರು ಮಾಡುತ್ತಾರೆ. ಬೇಡ. ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಇವತ್ತು ಗಾಳಿಗೆ ಸೇರಿದರೆ ಯಾವ ವರ್ಷ ಎಷ್ಟು ನಷ್ಟ ಅನ್ನೋದನ್ನು ಮೊದಲು ಸಾಲಾಗಿ ಬರೆದುಕೊಳ್ಳಿ. ದೊಡ್ಡ ಮಾಡೆಲ್‌ಗಳಲ್ಲಿ ಇದನ್ನು ಎರಡು ಸಲ ಓಡಿಸಿ ತೆಗೆಯುತ್ತಾರೆ: ಒಂದು ಸಲ ಇದ್ದ ಹಾಗೆ, ಇನ್ನೊಂದು ಸಲ ಒಂದಿಷ್ಟು ಹೊಗೆ ಜಾಸ್ತಿ ಸೇರಿಸಿ. ಎರಡರ ನಡುವಿನ ವ್ಯತ್ಯಾಸವೇ ನಷ್ಟದ ಸಾಲು.

ಆ ಸಾಲಿನ ಆಕಾರ ಮುಖ್ಯ. ಇವತ್ತು ಬಿಟ್ಟ ಟನ್‌ನಿಂದಾಗುವ ಬಿಸಿ ಸುಮಾರು ಹತ್ತು ವರ್ಷದಲ್ಲಿ ತನ್ನ ಮೇಲ್ಮಟ್ಟ ಮುಟ್ಟುತ್ತದೆ. ಆಮೇಲೆ ಇಳಿಯುವುದೇ ಇಲ್ಲ ಅನ್ನುವಷ್ಟು ನಿಧಾನವಾಗಿ ಶತಮಾನಗಳ ಕಾಲ ಉಳಿಯುತ್ತದೆ. ಇನ್ನೊಂದು ಕಡೆ, ಬಿಸಿಯಿಂದ ಹಾಳಾಗುವ ಆಸ್ತಿ, ಬೆಳೆ, ದುಡಿಮೆ ಎಲ್ಲವೂ ಆರ್ಥಿಕತೆಯ ಜೊತೆಗೇ ದೊಡ್ಡದಾಗುತ್ತವೆ. ಅಂದರೆ ನಷ್ಟ ಬೇಗ ಶುರುವಾಗುತ್ತದೆ, ನಿಲ್ಲುವುದಿಲ್ಲ, ವರ್ಷವರ್ಷ ಸ್ವಲ್ಪ ಬೆಳೆಯುತ್ತದೆ.

ಕಲಿಯೋಕೆ ಅಂತ ನಾನೊಂದು ಸರಳ ಸಾಲು ಮಾಡಿದ್ದೇನೆ. ಇದು ಯಾವ ಮಾಡೆಲ್‌ನ ಫಲಿತಾಂಶವೂ ಅಲ್ಲ. ಹತ್ತನೇ ವರ್ಷ 1 ಡಾಲರ್ ನಷ್ಟ, ಅಲ್ಲಿಂದ ವರ್ಷಕ್ಕೆ 1.5% ಏರಿಕೆ, ಇನ್ನೂರನೇ ವರ್ಷದವರೆಗೆ. ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಹಾಕಿ, ಸಾಲುಗಳನ್ನು 192ರವರೆಗೆ ಎಳೆಯಿರಿ:

```
F1: 0.02
A2: 10
A3: =A2+1
B2: =1.015^(A2-10)
C2: =B2/(1+$F$1)^A2
F2: =SUM(C2:C192)
```

ಎ ಕಾಲಂ ವರ್ಷ, ಬಿ ನಷ್ಟ, ಸಿ ಅದರ ಇವತ್ತಿನ ಬೆಲೆ. F1ನಲ್ಲಿ ದರ. F2ನಲ್ಲಿ ಬರುವುದು ಒಂದು ಟನ್‌ನ ಒಟ್ಟು ನಷ್ಟದ ಇಂದಿನ ಬೆಲೆ. ಇದಕ್ಕೇ ಕಾರ್ಬನ್‌ನ ಸಾಮಾಜಿಕ ವೆಚ್ಚ ಅನ್ನುತ್ತಾರೆ.

ಇಲ್ಲೊಂದು ಎಚ್ಚರಿಕೆ. ನಷ್ಟವನ್ನು ಹಣದುಬ್ಬರ ತೆಗೆದು, ಇವತ್ತಿನ ಡಾಲರಿನಲ್ಲಿ ಬರೆದಿದ್ದರೆ ದರದಲ್ಲೂ ಹಣದುಬ್ಬರ ಇರಬಾರದು. ನಾನು ಒಮ್ಮೆ ಸಾಲದ ಬಡ್ಡಿ ದರವನ್ನು ಹಾಗೇ ತಂದು ಇಂಥ ಲೆಕ್ಕಕ್ಕೆ ಅಂಟಿಸಿದ್ದೆ. ಆ ಬಡ್ಡಿಯಲ್ಲಿ ಹಣದುಬ್ಬರ ಸೇರಿತ್ತು, ನಷ್ಟದಲ್ಲಿ ಇರಲಿಲ್ಲ. ಉತ್ತರ ಬಂದದ್ದು ನಿಜವಾದ ಬೆಲೆಯ ಕಾಲು ಭಾಗಕ್ಕಿಂತ ಕಮ್ಮಿ, ಮತ್ತು ನೋಡೋಕೆ ಎಲ್ಲ ಸರಿಯಾಗೇ ಇತ್ತು! ದರ ಎಲ್ಲಿಂದ ತಂದರೂ ‘ಇದರಲ್ಲಿ ಹಣದುಬ್ಬರ ಸೇರಿದೆಯಾ’ ಅಂತ ಮೊದಲು ಕೇಳಿ.

ಹೆಜ್ಜೆ 2: ದರವನ್ನು ಬಿಚ್ಚಿ ನೋಡಿ

ದರ ಒಂದೇ ಅಂಕಿಯಾಗಿ ಕಾಣುತ್ತದೆ, ಆದರೆ ಒಳಗೆ ಮೂರು ಅಂಕಿಗಳಿವೆ. ಬ್ರಿಟನ್ನಿನ ಗಣಿತಜ್ಞ ಫ್ರಾಂಕ್ ರ‍್ಯಾಮ್ಸೆ 1928ರಲ್ಲಿ ಹಾಕಿಕೊಟ್ಟ ದಾರಿಯಿಂದ ಬಂದ ಸೂತ್ರ ಇದು. ಇದರಲ್ಲಿ r ಅಂದರೆ ದರ, δ ಡೆಲ್ಟಾ, η ಈಟಾ, g ಜಿ:

```
r = δ + η × g
```

ಡೆಲ್ಟಾ ಅಂದರೆ ಬರೀ ‘ಆಮೇಲೆ’ ಅನ್ನೋ ಒಂದೇ ಕಾರಣಕ್ಕೆ ಎಷ್ಟು ಕಮ್ಮಿ ಬೆಲೆ ಕೊಡುತ್ತೀರಿ ಅನ್ನೋದು. ಈಗ ಹುಟ್ಟಿರುವ ಮಗು ಮತ್ತು ನೂರು ವರ್ಷ ಕಳೆದು ಹುಟ್ಟುವ ಮಗು, ಇಬ್ಬರದೂ ಒಂದೇ ಥರದ ಬದುಕು, ಒಂದೇ ಥರದ ಕಷ್ಟ. ಎರಡನೆಯವರ ಕಷ್ಟಕ್ಕೆ ಬೆಲೆ ಕಮ್ಮಿ ಮಾಡಬೇಕಾ? ಮಾಡಬಾರದು ಅಂತ ರ‍್ಯಾಮ್ಸೆ ಅವರೇ ಖಡಾಖಂಡಿತ ಹೇಳಿದ್ದರು. ನನಗೂ ಅದೇ ಸರಿ ಅನ್ನಿಸುತ್ತದೆ. ನಾವು ಸ್ವಂತ ಬದುಕಿನಲ್ಲಿ ಇವತ್ತಿನ ಸುಖಕ್ಕೆ ಜಾಸ್ತಿ ಬೆಲೆ ಕೊಡುತ್ತೇವೆ, ನಿಜ. ಆದರೆ ಅದು ನಮ್ಮದೇ ನಾಳೆ. ಇಲ್ಲಿ ನಾಳೆ ಬೇರೆಯವರದು, ಅವರನ್ನು ಯಾರೂ ಕೇಳಿಲ್ಲ.

ಹಾಗಂತ ಸೊನ್ನೆಯೇ ಇಡಬೇಕಾಗಿಲ್ಲ. ಮನುಷ್ಯಕುಲವೇ ಅಳಿದುಹೋಗುವ ಸಣ್ಣ ಸಾಧ್ಯತೆಗಾಗಿ 0.1% ಇಡುವವರಿದ್ದಾರೆ. ಅದೂ ಸಣ್ಣದೇನಲ್ಲ: ವರ್ಷಕ್ಕೆ 0.1% ಅಂದರೆ ನೂರು ವರ್ಷದಲ್ಲಿ ಎಲ್ಲ ಮುಗಿಯುವ ಸಾಧ್ಯತೆ ಸುಮಾರು 9.5% ಅಂತ ಒಪ್ಪಿದ ಹಾಗೆ.

ಜಿ ಅಂದರೆ ಜನ ತಲಾ ಬಳಸುವ ಸರಕು-ಸೇವೆ ವರ್ಷಕ್ಕೆ ಎಷ್ಟು ಬೆಳೆಯುತ್ತದೆ ಅನ್ನೋ ಅಂದಾಜು.

ಈಟಾ ಅಂದರೆ ಉಳ್ಳವರಿಗೆ ಇನ್ನೊಂದು ಡಾಲರ್ ಸಿಕ್ಕರೆ ಅದರ ಬೆಲೆ ಎಷ್ಟು ಬೇಗ ಇಳಿಯುತ್ತದೆ ಅನ್ನೋದು. ನಿಮ್ಮ ಈಟಾ ಎಷ್ಟು ಅಂತ ತಿಳಿಯೋಕೆ ಹೀಗೆ ಕೇಳಿಕೊಳ್ಳಿ: ಒಬ್ಬರ ಆದಾಯ ಇನ್ನೊಬ್ಬರದರ ಎರಡು ಪಟ್ಟು ಇದೆ. ಬಡವರ ಕೈಯಲ್ಲಿರುವ ಒಂದು ಡಾಲರ್ ಉಳ್ಳವರ ಎಷ್ಟು ಡಾಲರಿಗೆ ಸಮ? ಎರಡು ಅಂದರೆ ನಿಮ್ಮ ಈಟಾ 1. ನಾಲ್ಕು ಅಂದರೆ 2. ಮುಂದಿನವರು ನಮಗಿಂತ ಶ್ರೀಮಂತರಾಗಿರುತ್ತಾರೆ ಅಂತಾದರೆ, ಅವರ ನಷ್ಟಕ್ಕೆ ಸ್ವಲ್ಪ ಕಮ್ಮಿ ಬೆಲೆ ಕೊಡುವುದು ಅನ್ಯಾಯ ಅಲ್ಲ, ಅಲ್ವಾ? ಈಟಾ ಮತ್ತು ಜಿ ಗುಣಿಸಿದ ಭಾಗ ಹೇಳುವುದು ಇಷ್ಟೇ.

ಈಗ ಎರಡು ಪ್ರಸಿದ್ಧ ಲೆಕ್ಕ ನೋಡಿ. ಬ್ರಿಟನ್ ಸರ್ಕಾರಕ್ಕಾಗಿ 2006ರಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ವರದಿ ಕೊಟ್ಟ ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ ಹಿಡಿದದ್ದು ಡೆಲ್ಟಾ 0.1, ಈಟಾ 1, ಜಿ 1.3. ಕೂಡಿದರೆ 1.4%. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹಾಸ್ ಅದೇ ಕಾಲದ ತಮ್ಮ ಮಾಡೆಲ್‌ನಲ್ಲಿ ಹಿಡಿದದ್ದು ಡೆಲ್ಟಾ 1.5, ಈಟಾ 2, ಜಿ ಸುಮಾರು 2. ಕೂಡಿದರೆ 5.5%. ಸ್ಟರ್ನ್ ‘ತಡ ಮಾಡಬೇಡಿ, ದೊಡ್ಡದಾಗಿ ಶುರು ಮಾಡಿ’ ಅಂದರು. ನಾರ್ಡ್‌ಹಾಸ್ ‘ಸಣ್ಣದಾಗಿ ಶುರು ಮಾಡಿ, ನಿಧಾನಕ್ಕೆ ಬಿಗಿ ಮಾಡಿ’ ಅಂದರು. ಇಬ್ಬರೂ ನೋಡುತ್ತಿದ್ದದ್ದು ಒಂದೇ ವಿಜ್ಞಾನ. ಜಗಳದ ಬಹುಪಾಲು ಇದ್ದದ್ದು ಈ ಮೂರು ಅಂಕಿಗಳಲ್ಲಿ.

ಹೆಜ್ಜೆ 3: ಮಾರುಕಟ್ಟೆ ನೋಡಬೇಕಾ, ನ್ಯಾಯ ನೋಡಬೇಕಾ?

ನಾರ್ಡ್‌ಹಾಸ್ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅವರು ಹೇಳಿದ್ದು ಹೀಗೆ: ಜನ ನಿಜವಾಗಿ ಎಷ್ಟು ಲಾಭ ಬರುವ ಕಡೆ ಹಣ ಹೂಡುತ್ತಾರೋ ಅದಕ್ಕೆ ನಿಮ್ಮ ದರ ಹೊಂದಬೇಕು. 5% ಕೊಡುವ ಹೂಡಿಕೆ ಕೈಯಲ್ಲಿರುವಾಗ 2% ಮಾತ್ರ ಕೊಡುವ ಹವಾಮಾನ ಯೋಜನೆಗೆ ಹಣ ಹಾಕಿದರೆ ಮುಂದಿನವರಿಗೇ ನಷ್ಟ. ಆ 5%ರಲ್ಲಿ ಹಣ ಬೆಳೆಸಿ ಅವರಿಗೇ ಕೊಡಬಹುದಿತ್ತಲ್ಲ?

ಕೊಡಬಹುದಿತ್ತು, ಹೌದು. ಆದರೆ ಯಾರು ಕೊಡುತ್ತಾರೆ? ನೂರು ವರ್ಷ ಯಾರೂ ಕೈಹಾಕದೆ ಬೆಳೆಸಿ, ಕೊನೆಗೆ ನೆರೆಯಲ್ಲಿ ಮನೆ ಕಳೆದುಕೊಂಡವರನ್ನೇ ಹುಡುಕಿ ಹಂಚುವ ನಿಧಿ ಎಲ್ಲೂ ಇಲ್ಲ. ಹಣ ಉಳಿಸಿದವರ ಮಕ್ಕಳಿಗೆ ಹಣ ಸಿಗುತ್ತದೆ, ನಷ್ಟ ಬೇರೆ ಯಾರಿಗೋ ಆಗುತ್ತದೆ. ಇನ್ನೊಂದು ಮಾತು: ಷೇರಿನ ಲಾಭದಲ್ಲಿ ಅಪಾಯಕ್ಕೆ ಸಿಗುವ ಕೂಲಿಯೂ ಸೇರಿರುತ್ತದೆ. ಸರ್ಕಾರಿ ಬಾಂಡಿನಂಥ ಗಟ್ಟಿ ಹೂಡಿಕೆಯಲ್ಲಿ, ಹಣದುಬ್ಬರ ಕಳೆದರೆ, ಸಿಗುವುದು ಅದಕ್ಕಿಂತ ತುಂಬಾ ಕಮ್ಮಿ.

ಅಮೆರಿಕದಲ್ಲಿ ಇದು ಬರೀ ಪುಸ್ತಕದ ಜಗಳ ಆಗಿ ಉಳಿಯಲಿಲ್ಲ. ಸರ್ಕಾರಿ ನಿಯಮಗಳ ಲಾಭ-ನಷ್ಟ ನೋಡೋಕೆ 2003ರ ಮಾರ್ಗಸೂಚಿ 3% ಮತ್ತು 7% ಎರಡನ್ನೂ ಬಳಸಿ ಅಂದಿತ್ತು. 7% ಬಂದದ್ದು ಖಾಸಗಿ ಬಂಡವಾಳದ ಲಾಭದಿಂದ, 3% ಬಂದದ್ದು ಸರ್ಕಾರಿ ಸಾಲಪತ್ರಗಳ ನಿಜ ಬಡ್ಡಿಯಿಂದ. ಆಮೇಲೆ ಆ ನಿಜ ಬಡ್ಡಿ ಇಳಿಯಿತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ 2% ಅನ್ನು ನಡುವಿನ ದರವಾಗಿ ಹಿಡಿಯಿತು. ಆ ದರದಲ್ಲಿ 2020ರ ಒಂದು ಟನ್‌ಗೆ ಬಂದದ್ದು 190 ಡಾಲರ್. 2.5%ಗೆ 120, 1.5%ಗೆ 340. ಅರ್ಧ ಶೇಕಡಾ ಆಚೀಚೆ ಆದರೆ ಬೆಲೆ ಎಷ್ಟು ಜಿಗಿಯುತ್ತದೆ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ, 2% ಆಸುಪಾಸಿನಿಂದ ಶುರು ಮಾಡಿ. ಮಾರುಕಟ್ಟೆ ಕಡೆಯಿಂದ ಹೋದರೂ ಅಲ್ಲಿಗೇ ಬರಬಹುದು. ನ್ಯಾಯದ ಕಡೆಯಿಂದ ಹೋದರೂ, ಡೆಲ್ಟಾ 0.5, ಈಟಾ 1, ಜಿ 1.5 ಅಂತ ಹಿಡಿದರೆ, ಅಲ್ಲಿಗೇ ಬರುತ್ತದೆ. ಈ ವಿಷಯದಲ್ಲಿ ಕೆಲಸ ಮಾಡುವ ಸುಮಾರು ಇನ್ನೂರು ಅರ್ಥಶಾಸ್ತ್ರಜ್ಞರನ್ನು ಕೇಳಿ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ 2% ಒಪ್ಪಬಹುದು ಅಂದಿದ್ದರು.

ಹೆಜ್ಜೆ 4: ದರ ಬದಲಿಸಿ, ಹಣ ಎಲ್ಲಿಂದ ಬರುತ್ತಿದೆ ನೋಡಿ

ಈಗ F1ನಲ್ಲಿ ಒಂದೊಂದೇ ದರ ಹಾಕಿ. ನಮ್ಮ ಸಾಲಿಗೆ 1.4%ರಲ್ಲಿ 183 ಡಾಲರ್ ಬರುತ್ತದೆ. 2%ರಲ್ಲಿ 102, 3%ರಲ್ಲಿ 48, 5.5%ರಲ್ಲಿ 15, 7%ರಲ್ಲಿ 10.

ಒಟ್ಟು ಮೊತ್ತ ನೋಡಿ ನಿಲ್ಲಿಸಬೇಡಿ. ಐವತ್ತನೇ ವರ್ಷದವರೆಗಿನದು ಎಷ್ಟು, ಆಮೇಲಿನದು ಎಷ್ಟು ಅಂತ ಬೇರೆ ಮಾಡಿ. 2%ರಲ್ಲಿ ಮೊತ್ತದ 70% ಬರುವುದು ಐವತ್ತು ವರ್ಷದ ನಂತರದ ನಷ್ಟದಿಂದ. 5.5%ರಲ್ಲಿ ಅದು ಬರೀ 20%. ಅಂದರೆ ದೊಡ್ಡ ದರ ಹಾಕಿದಾಗ ನಾವು ಲೆಕ್ಕವನ್ನು ಚಿಕ್ಕದು ಮಾಡುವುದಷ್ಟೇ ಅಲ್ಲ, ಲೆಕ್ಕದೊಳಗೆ ಇರುವವರನ್ನೇ ಬದಲಿಸುತ್ತೇವೆ. ಇನ್ನೂ ಹುಟ್ಟದವರು ಹೆಚ್ಚುಕಮ್ಮಿ ಪಟ್ಟಿಯಿಂದಲೇ ಹೊರಗೆ ಹೋಗುತ್ತಾರೆ.

ಇದರಿಂದಲೇ ಇನ್ನೊಂದು ತಪ್ಪು ಹುಟ್ಟುತ್ತದೆ. ಕೆಲವರು ಕಮ್ಮಿ ದರ ಹಿಡಿದು, ಸಾಲನ್ನು ಮಾತ್ರ 2100ನೇ ಇಸವಿಗೋ ನೂರು ವರ್ಷಕ್ಕೋ ಕತ್ತರಿಸುತ್ತಾರೆ. ನಮ್ಮ ಸಾಲನ್ನು ನೂರನೇ ವರ್ಷಕ್ಕೆ ಕತ್ತರಿಸಿದರೆ 2%ರಲ್ಲಿ 102 ಇದ್ದದ್ದು 60ಕ್ಕೆ ಬೀಳುತ್ತದೆ. 5.5%ರಲ್ಲಿ ಏನೂ ಆಗುವುದಿಲ್ಲ ಅನ್ನಬಹುದು. ಪರೀಕ್ಷೆ ಸುಲಭ: ಕೊನೆಯ ಇಪ್ಪತ್ತು ವರ್ಷ ತೆಗೆದು ನೋಡಿ. ಮೊತ್ತ ಗಮನಕ್ಕೆ ಬರುವಷ್ಟು ಇಳಿದರೆ ನಿಮ್ಮ ಸಾಲು ಸಾಲದು.

ಜಿ ಬಗ್ಗೆಯೂ ಇಲ್ಲೇ ಹೇಳಬೇಕು. ಅದು ಎರಡು ಕಡೆ ಇದೆ: ದರದೊಳಗೆ, ಮತ್ತು ನಷ್ಟ ಬೆಳೆಯುವ ವೇಗದಲ್ಲಿ. ಎರಡೂ ಕಡೆ ಒಂದೇ ಅಂಕಿ ಇರಲಿ. ಈಟಾ 1 ಇದ್ದರೆ ಇವೆರಡೂ ಬಹುಪಾಲು ಒಂದನ್ನೊಂದು ಹೊಡೆದುಹಾಕುತ್ತವೆ. ಡೆಲ್ಟಾ 0.5 ಇಟ್ಟು, ಬೆಳವಣಿಗೆ 1.5%ರಿಂದ ಸೊನ್ನೆಗೆ ಇಳಿದರೂ, ನಮ್ಮ ಉತ್ತರ 102ರಿಂದ 117ಕ್ಕೆ ಹೋಗುತ್ತದೆ, ಅಷ್ಟೇ. ಈಟಾ 2 ಇದ್ದರೆ ಕಥೆ ಬೇರೆ: ಬೆಳವಣಿಗೆ 1.5% ಇದ್ದಾಗ ದರ 3.5%, ಉತ್ತರ 36. ಬೆಳವಣಿಗೆ ನಿಂತರೆ ದರ 0.5%, ಉತ್ತರ ಮತ್ತೆ 117. ಈಟಾ ಜಾಸ್ತಿ ಇಟ್ಟವರು ‘ಮುಂದಿನವರು ಶ್ರೀಮಂತರಾಗೇ ಆಗುತ್ತಾರೆ’ ಅನ್ನೋ ನಂಬಿಕೆ ಮೇಲೆ ತುಂಬಾ ಭಾರ ಹಾಕುತ್ತಿದ್ದಾರೆ ಅಂತ ಅರ್ಥ. ಬಿಸಿಯಿಂದಲೇ ಆ ಬೆಳವಣಿಗೆ ಕುಗ್ಗಿದರೆ ಏನು ಅಂತ ಅವರನ್ನು ಕೇಳಲೇಬೇಕು.

ಹೆಜ್ಜೆ 5: ಕಾಯುವುದನ್ನು ಪರೀಕ್ಷೆಗೆ ಹಚ್ಚಿ

‘ಮಾಡಬೇಕಾ, ಬೇಡವಾ’ ಅಂತ ಕೇಳಿದರೆ ಸಾಲದು. ‘ಈಗ ಮಾಡಬೇಕಾ, ಹತ್ತು ವರ್ಷ ಬಿಟ್ಟಾ’ ಅಂತ ಕೇಳಿ. ಯಾಕಂದರೆ ಬೇಡ ಅನ್ನುವವರು ಈಗ ಕಮ್ಮಿ, ‘ಆಮೇಲೆ ಅಗ್ಗ ಆಗುತ್ತದೆ’ ಅನ್ನುವವರೇ ಜಾಸ್ತಿ.

ಒಂದು ಬಾಯ್ಲರ್ ತಗೊಳ್ಳಿ. ವರ್ಷಕ್ಕೆ 10 ಟನ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹೊಗೆ ಬಿಡದ ಬಾಯ್ಲರ್ ಹಾಕೋಕೆ ಈಗ 6000 ಡಾಲರ್ ಜಾಸ್ತಿ ಬೇಕು. ಹತ್ತು ವರ್ಷ ಕಾದರೆ ಆ ಹೆಚ್ಚುವರಿ 3000ಕ್ಕೆ ಇಳಿಯುತ್ತದೆ. ಬೆಲೆ ಅರ್ಧ! ಕಾಯೋಣ ಅನ್ನಿಸುವುದು ಸಹಜ.

ಕಾದರೆ ಉಳಿಯುವುದು ಎಷ್ಟು? 6000ರಲ್ಲಿ, ಹತ್ತು ವರ್ಷದ ನಂತರದ 3000ದ ಇವತ್ತಿನ ಬೆಲೆ ಕಳೆಯಬೇಕು. 2%ರಲ್ಲಿ ಆ 3000ದ ಬೆಲೆ 2461, ಹಾಗಾಗಿ ಉಳಿತಾಯ 3539. 5.5%ರಲ್ಲಿ ಅದು 1756, ಉಳಿತಾಯ 4244. ದರ ಜಾಸ್ತಿ ಆದಷ್ಟೂ ಕಾಯುವುದು ಲಾಭದ ಹಾಗೆ ಕಾಣುತ್ತದೆ. ಇದು ದರದ ಮೊದಲ ಪೆಟ್ಟು.

ಕಾದರೆ ಕಳೆದುಕೊಳ್ಳುವುದು ಎಷ್ಟು? ಆ ಹತ್ತು ವರ್ಷದ 100 ಟನ್ ಹೊಗೆ. ಅದು ಒಮ್ಮೆ ಮೇಲೆ ಹೋದರೆ ಹೋಯಿತು, ಹನ್ನೊಂದನೇ ವರ್ಷ ಹೊಸ ಬಾಯ್ಲರ್ ಹಾಕಿದ ಮಾತ್ರಕ್ಕೆ ವಾಪಸ್ ಬರುವುದಿಲ್ಲ. ಪ್ರತಿ ವರ್ಷದ ಟನ್‌ಗೂ ನಷ್ಟ 1.5% ಜಾಸ್ತಿ ಅಂತ ಹಿಡಿದು, ಇವತ್ತಿಗೆ ಇಳಿಸಿ ಕೂಡಿದರೆ 2%ರಲ್ಲಿ ಸುಮಾರು 9970 ಡಾಲರ್. 5.5%ರಲ್ಲಿ ಸುಮಾರು 1300. ಇದು ಎರಡನೇ ಪೆಟ್ಟು, ದೊಡ್ಡದು ಇದೇ.

2%ರಲ್ಲಿ 3539 ಉಳಿಸೋಕೆ ಹೋಗಿ 9970 ಕಳೆದುಕೊಳ್ಳುತ್ತೀರಿ, ಹಾಗಾಗಿ ಇವತ್ತೇ ಹಾಕಬೇಕು. 5.5%ರಲ್ಲಿ 1300 ಕಳೆದುಕೊಂಡು 4244 ಉಳಿಸುತ್ತೀರಿ, ಹಾಗಾಗಿ ಕಾಯಬೇಕು. 3%ರಲ್ಲಿ ಉಳಿತಾಯ 3768, ನಷ್ಟ ಸುಮಾರು 4500. ಇನ್ನೂ ಈಗಲೇ ಹಾಕುವುದೇ ಸರಿ, ಆದರೆ ಅಂತರ ಸಣ್ಣದು. ಬಾಯ್ಲರ್ ಅದೇ, ಹೊಗೆ ಅದೇ, ಬೆಲೆ ಅದೇ ಅನ್ನೋದನ್ನು ಗಮನಿಸಿ.

ಈಗ ಎರಡೂ ಸಮವಾಗುವ ದರ ಹುಡುಕಿ. ಈ ಬಾಯ್ಲರಿಗೆ ಅದು 3.25%ರ ಆಸುಪಾಸು. ನನಗೆ ಇಡೀ ಲೆಕ್ಕದಲ್ಲಿ ಅತಿ ಉಪಯೋಗದ ಅಂಕಿ ಇದೇ. ‘ಸರಿಯಾದ ದರ ಯಾವುದು’ ಅಂತ ಇಬ್ಬರು ಒಪ್ಪದಿದ್ದರೂ, ‘ಅದು 3.25ಕ್ಕಿಂತ ಮೇಲಾ, ಕೆಳಗಾ’ ಅಂತ ಮಾತ್ರ ಒಪ್ಪಿದರೆ ತೀರ್ಮಾನ ಆಗಿಬಿಡುತ್ತದೆ.

ಹೆಜ್ಜೆ 6: ದರವೇ ಗೊತ್ತಿಲ್ಲದಿದ್ದರೆ

ಒಬ್ಬರು 1% ಅನ್ನುತ್ತಾರೆ, ಇನ್ನೊಬ್ಬರು 5%. ಇಬ್ಬರಿಗೂ ಸಮ ಅವಕಾಶ ಕೊಡೋಣ. ಹಾಗಾದರೆ ಸರಾಸರಿ 3% ಅಲ್ವಾ? ಅಲ್ಲ. ಎಲ್ಲರೂ ಎಡವುವ ಜಾಗ ಇದು.

ಸರಾಸರಿ ಮಾಡಬೇಕಾದ್ದು ದರವನ್ನಲ್ಲ, ಆ ದರದಿಂದ ಬರುವ ಬೆಲೆಯನ್ನು. ನೂರು ವರ್ಷದ ನಂತರದ 1 ಡಾಲರ್ 1%ರಲ್ಲಿ 37 ಸೆಂಟ್, 5%ರಲ್ಲಿ ಒಂದು ಸೆಂಟಿಗೂ ಕಮ್ಮಿ. ಸರಾಸರಿ ಸುಮಾರು 19 ಸೆಂಟ್. ಅದಕ್ಕೆ ಸಮನಾದ ಒಂದೇ ದರ 1.7%, 3% ಅಲ್ಲ. ಹತ್ತೇ ವರ್ಷಕ್ಕೆ ಇದೇ ಲೆಕ್ಕ ಮಾಡಿದರೆ 2.8% ಬರುತ್ತದೆ, ಇನ್ನೂರು ವರ್ಷಕ್ಕೆ 1.35%. ಕಾರಣ ಸರಳ: ದೂರ ಹೋದಷ್ಟೂ 5%ರ ಪಾಲು ಸೊನ್ನೆಯಾಗುತ್ತದೆ, ಉಳಿಯುವುದು 1%ರ ಪಾಲು ಮಾತ್ರ. ಅರ್ಥಶಾಸ್ತ್ರಜ್ಞ ಮಾರ್ಟಿನ್ ವೈಟ್ಸ್‌ಮನ್ 1998ರಲ್ಲಿ ಇದನ್ನು ಮುಂದಿಟ್ಟರು. ಅನುಮಾನ ಇದೆ ಅನ್ನೋದೇ ದೂರದ ವರ್ಷಗಳಿಗೆ ದರ ಇಳಿಸೋಕೆ ಕಾರಣವಾಗುತ್ತದೆ.

ಬ್ರಿಟನ್ ಸರ್ಕಾರ ತನ್ನ ಯೋಜನೆಗಳಿಗೆ ಇಳಿಯುವ ದರವನ್ನೇ ಬಳಸುತ್ತದೆ. ಮೊದಲ 30 ವರ್ಷಕ್ಕೆ 3.5%, ಅಲ್ಲಿಂದ 75ನೇ ವರ್ಷದವರೆಗೆ 3%, ಹೀಗೆ ಮೆಟ್ಟಿಲಿಳಿದು 300 ವರ್ಷದ ಆಚೆಗೆ 1%. ನೀವೂ ಮಾಡುವುದಾದರೆ ಒಂದು ಎಚ್ಚರಿಕೆ: 80ನೇ ವರ್ಷದ ನಷ್ಟವನ್ನು ನೇರ 2.5%ರಲ್ಲಿ ಇಳಿಸಬಾರದು. 80ರಿಂದ 75ಕ್ಕೆ 2.5%, 75ರಿಂದ 30ಕ್ಕೆ 3%, 30ರಿಂದ ಇವತ್ತಿಗೆ 3.5%, ಹೀಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಸಬೇಕು. ತಪ್ಪಿದ್ದರೆ ಹಿಡಿಯುವುದು ಸುಲಭ. ಪ್ರತಿ ವರ್ಷವೂ ಒಂದೇ ಡಾಲರ್ ನಷ್ಟ ಅಂತ ಹಾಕಿ ನೋಡಿ: 76ನೇ ವರ್ಷದ ಇಂದಿನ ಬೆಲೆ 75ನೇ ವರ್ಷದ್ದಕ್ಕಿಂತ ಜಾಸ್ತಿ ಬಂದರೆ ಮೆಟ್ಟಿಲು ತಪ್ಪಿದೆ.

ಹೆಜ್ಜೆ 7: ಬರೆಯುವಾಗ

ಅಪಾಯವನ್ನು ದರದೊಳಗೆ ತುರುಕಬೇಡಿ. ‘ನಷ್ಟ ಎಷ್ಟಾಗುತ್ತೋ ಖಚಿತ ಇಲ್ಲ, ಅದಕ್ಕೆ ದರ ಎರಡು ಶೇಕಡಾ ಏರಿಸಿದೆ’ ಅನ್ನುವವರನ್ನು ನೋಡಿದ್ದೇನೆ. ಕೈಗೆ ಬರಬೇಕಾದ ಲಾಭ ಖಚಿತ ಇಲ್ಲದಾಗ ಹಾಗೆ ಮಾಡುವುದಕ್ಕೆ ಅರ್ಥ ಇದೆ. ಇಲ್ಲಿ ಖಚಿತ ಇಲ್ಲದ್ದು ನಷ್ಟ, ಅದು ಅಂದಾಜಿಗಿಂತ ತುಂಬಾ ದೊಡ್ಡದಾಗಿಯೂ ಬರಬಹುದು. ದರ ಏರಿಸಿದರೆ ಆ ಭಯವನ್ನೇ ಅಳಿಸಿದಂತಾಗುತ್ತದೆ. ಬೇಕಾದರೆ ಬಿ ಕಾಲಂನಲ್ಲಿ ಮೂರು ಸಾಲು ಇಡಿ: ಕಮ್ಮಿ, ನಡುವೆ, ಜಾಸ್ತಿ. ಪ್ರತಿಯೊಂದಕ್ಕೂ ಎಷ್ಟು ಸಾಧ್ಯತೆ ಅಂತ ಬರೆದು ಸರಾಸರಿ ತೆಗೆಯಿರಿ.

ಕೊನೆಗೆ ಉತ್ತರದ ಪಕ್ಕದಲ್ಲೇ ಡೆಲ್ಟಾ, ಈಟಾ, ಜಿ ಮೂರನ್ನೂ ಬೇರೆಬೇರೆ ಬರೆಯಿರಿ. ಬರೀ ‘ದರ 3%’ ಅಂತ ಬರೆದರೆ ಓದುವವರಿಗೆ ಜಗಳ ಯಾವುದರ ಮೇಲೆ ಅಂತಲೇ ಗೊತ್ತಾಗುವುದಿಲ್ಲ. ಮೂರು ಬರೆದರೆ ಗೊತ್ತಾಗುತ್ತದೆ: ನಿಮ್ಮ ಡೆಲ್ಟಾ 1.5 ಇದ್ದರೆ, ನೂರು ವರ್ಷದ ನಂತರ ಹುಟ್ಟಿ ನಿಮ್ಮಷ್ಟೇ ಅನುಕೂಲದಲ್ಲಿ ಬದುಕುವ ಒಬ್ಬರ ಕಷ್ಟಕ್ಕೆ ನೀವು ಇವತ್ತಿನವರ ಕಷ್ಟದ ಕಾಲು ಭಾಗಕ್ಕಿಂತ ಕಮ್ಮಿ ಬೆಲೆ ಕೊಟ್ಟಿದ್ದೀರಿ. ಅದನ್ನು ಅದೇ ಮಾತಿನಲ್ಲಿ ವರದಿಯ ಮೊದಲ ಪುಟದಲ್ಲೇ ಬರೆಯಿರಿ.